ಮೂರನೇ ಡೋಸ್ ಬಾಕಿ ಇರುವಾಗ ಸೂಜಿ ಚುಚ್ಚಿದರೆ

ಪ್ರಶ್ನೆ: ಸರ್, ನಾನು ಕಲಬುರಗಿಯಲ್ಲಿ ಬಿಡಿಎಸ್ ಮೂರನೇ ವರ್ಷ ಓದ್ತಿದ್ದೀನಿ. ನಿನ್ನೆ ಮಧ್ಯಾಹ್ನ ಹಲ್ಲು ಕೀಳೋ ವಿಭಾಗದಲ್ಲಿ ಒಬ್ಬರಿಗೆ ಜೋಮು ಹಿಡಿಸೋ ಬ್ಲಾಕ್ ಇಂಜೆಕ್ಷನ್ ಕೊಟ್ಟು ಸೂಜಿಗೆ ಕ್ಯಾಪ್ ಹಾಕುವಾಗ ಎಡಗೈ ತೋರುಬೆರಳಿಗೆ ಚುಚ್ಚಿತು. ರಕ್ತ ಹಿಂಡಿ ತೆಗೆದು ಸ್ಪಿರಿಟ್ ಹಚ್ಚಿದೆ. ಬೈತಾರೆ ಅಂತ ಯಾರಿಗೂ ಹೇಳಿಲ್ಲ. ಪೇಷಂಟ್ ಆಳಂದ ಕಡೆಯವರು, ನೋಡೋಕೆ ಗಟ್ಟಿಮುಟ್ಟಾಗೇ ಇದ್ದರು. ಹೆಪಟೈಟಿಸ್ ಬಿ ಲಸಿಕೆ ಎರಡು ಡೋಸ್ ಆಗಿದೆ, ಮೂರನೇದು ಪರೀಕ್ಷೆ ಗಡಿಬಿಡಿಯಲ್ಲಿ ಬಿಟ್ಟುಹೋಯ್ತು. ಈಗ ಏನು ಮಾಡ್ಲಿ?

ಉತ್ತರ: ಮೊದಲು ಎದ್ದು ಹೊರಡಿ. ಉಳಿದದ್ದನ್ನು ಆಟೋದಲ್ಲಿ ಕೂತು ಓದಿ. ನಿಮ್ಮ ವಿಭಾಗದ ಮುಖ್ಯಸ್ಥರಿಗೆ ಅಥವಾ ಡ್ಯೂಟಿಯಲ್ಲಿರುವ ಯಾವುದೇ ಮೇಷ್ಟ್ರಿಗೆ ಒಂದು ಫೋನ್ ಮಾಡಿ ವಿಷಯ ತಿಳಿಸಿ, ಜಿಮ್ಸ್ ಆಸ್ಪತ್ರೆಗೆ ಹೋಗಿ. ಅಲ್ಲಿ ಎಚ್‌ಐವಿ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರ ತೆರೆದಿದ್ದರೆ ಅಲ್ಲಿಗೆ, ಮುಚ್ಚಿದ್ದರೆ ಕ್ಯಾಶುವಾಲ್ಟಿಗೆ. ಬೀದರ್ ಅಥವಾ ಯಾದಗಿರಿಯಲ್ಲಿ ಇದನ್ನು ಓದುತ್ತಿರುವವರಿಗೆ ಅಲ್ಲಿನ ಜಿಲ್ಲಾ ಆಸ್ಪತ್ರೆ. ಕೈಯಲ್ಲಿ ಎರಡು ವಸ್ತು ಇರಲಿ: ನಿಮ್ಮ ಲಸಿಕೆ ಕಾರ್ಡ್, ಮತ್ತು ಆ ಪೇಷಂಟ್‌ನ ಓಪಿಡಿ ನಂಬರ್.

ಇಷ್ಟು ಅವಸರ ಯಾಕೆಂದರೆ ನಿಮ್ಮ ಮುಂದೆ ಈಗ ಎರಡು ಗಡಿಯಾರ ಓಡುತ್ತಿವೆ. ಒಂದು ಎಚ್‌ಐವಿಯದು. ಎಚ್‌ಐವಿ ತಡೆಯುವ ಮಾತ್ರೆ ಚುಚ್ಚಿದ ಎರಡು ಗಂಟೆಯೊಳಗೆ ಶುರುವಾದರೆ ಅತ್ಯುತ್ತಮ. 72 ಗಂಟೆ ದಾಟಿದರೆ ಕೊಡುವುದಿಲ್ಲ, ಕೊಟ್ಟರೂ ಪ್ರಯೋಜನವಿಲ್ಲ. ನಿಮಗೆ ಈಗಾಗಲೇ ಒಂದು ದಿನ ಕಳೆದಿದೆ, ಆದರೂ ಕಾಲ ಮೀರಿಲ್ಲ. ಇನ್ನೊಂದು ಹೆಪಟೈಟಿಸ್ ಬಿಯದು. ಅದಕ್ಕೆ ಕೊಡುವ ಇಮ್ಯುನೋಗ್ಲೋಬ್ಯುಲಿನ್ ಎಂಬ ಇಂಜೆಕ್ಷನ್ 24 ಗಂಟೆಯೊಳಗೆ ಬಿದ್ದರೆ ಒಳ್ಳೆಯದು, ಏಳು ದಿನದವರೆಗೂ ಕೊಡಬಹುದು. ಆದರೆ ದಿನ ಉರುಳಿದಂತೆ ಅದರ ಬಲ ಕುಗ್ಗುತ್ತದೆ.

ನೀವು ಹಿಂಡಿದ್ದು, ಸ್ಪಿರಿಟ್ ಹಚ್ಚಿದ್ದು ಎರಡೂ ಬೇಕಿರಲಿಲ್ಲ. ಅದರಿಂದ ಕೆಲಸ ಕೆಟ್ಟಿತು ಎಂದು ಕೊರಗಬೇಡಿ. ಹಿಂಡಿದರೆ ವೈರಸ್ ಹೊರಗೆ ಬರುತ್ತದೆ ಎನ್ನುವುದಕ್ಕೆ ಆಧಾರವಿಲ್ಲ, ಬರೀ ಅಲ್ಲಿನ ಚರ್ಮ ಜಜ್ಜಿಹೋಗುತ್ತದೆ. ಸ್ಪಿರಿಟ್, ಬ್ಲೀಚ್, ಅಯೋಡಿನ್ ಹಾಕಿದರೆ ಗಾಯ ಉರಿಯುತ್ತದೆ ಅಷ್ಟೆ. ಗಾಬರಿಯಲ್ಲಿ ಬೆರಳನ್ನು ಬಾಯಿಗಿಟ್ಟುಕೊಳ್ಳುವವರನ್ನೂ ನಾನು ನೋಡಿದ್ದೇನೆ, ಅದು ಎಲ್ಲಕ್ಕಿಂತ ಕೆಟ್ಟದ್ದು. ಆ ಹೊತ್ತಿಗೆ ಮಾಡಬೇಕಾದದ್ದು ಬಹಳ ಸರಳ. ಸಿರಿಂಜನ್ನು ಇನ್ನೊಬ್ಬರಿಗೆ ಚುಚ್ಚದ ಹಾಗೆ ಇಟ್ಟು, ಗ್ಲೌಸ್ ಕಳಚಿ, ನಲ್ಲಿ ಬಿಟ್ಟು, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ನಿಧಾನವಾಗಿ ತೊಳೆಯುವುದು. ರಕ್ತ ತಾನಾಗಿ ಬಂದರೆ ಬರಲಿ. ಕಣ್ಣಿಗೆ ಸಿಡಿದಿದ್ದರೆ ಸಾಬೂನಿಲ್ಲದೆ ಬರೀ ನೀರು ಅಥವಾ ಸಲೈನ್. ಗ್ಲೌಸಿನಲ್ಲಿ ತೂತು ಕಾಣದೆ, ಬೆರಳಿನಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ ಮಾತ್ರ ಇದ್ದರೂ ಅದು ಚುಚ್ಚಿದ ಗಾಯವೇ.

ಇನ್ನೊಂದು ಕೆಲಸ ಅಷ್ಟೇ ಮುಖ್ಯವಾಗಿತ್ತು: ಪೇಷಂಟ್ ಕುರ್ಚಿಯಿಂದ ಎದ್ದು ಹೋಗುವ ಮುಂಚೆ ಅವರ ರಕ್ತ ತೆಗೆಸುವುದು. ಹಲ್ಲು ಕಿತ್ತ ಮೇಲೆ ಹತ್ತಿ ಕಚ್ಚಿಕೊಂಡು ಅರ್ಧ ಗಂಟೆ ಕೂರುತ್ತಾರಲ್ಲ, ಆ ಅರ್ಧ ಗಂಟೆ ಸಾಕು. ಈಗ ಅವರು ಊರು ಸೇರಿದ್ದಾರೆ. ಪರವಾಗಿಲ್ಲ, ಓಪಿಡಿ ಚೀಟಿಯಲ್ಲಿ ಫೋನ್ ನಂಬರ್ ಇರುತ್ತದೆ. ನಿಮ್ಮ ಮೇಷ್ಟ್ರ ಎದುರಿನಲ್ಲೇ ಫೋನ್ ಮಾಡಿ. ಹೆದರಿಸಬೇಡಿ, ನಿಮಗೆ ಕಾಯಿಲೆ ಇದೆಯೇ ಎಂದು ಕೇಳಬೇಡಿ. ನನ್ನ ಬಳಿ ಕಲಿಯುವ ಹುಡುಗಿಯೊಬ್ಬಳು ಹೀಗೆ ಮಾತಾಡಿದ್ದನ್ನು ಪಕ್ಕದಲ್ಲಿ ನಿಂತು ಕೇಳಿದ್ದೇನೆ: "ಕಾಕಾ, ನಿಮಗ ಕೊಟ್ಟ ಸೂಜಿ ನನ್ನ ಬೆರಳಿಗಿ ಚುಚ್ಚ್ಯದರಿ. ತಪ್ಪು ನಂದೇ. ನಿಮ್ಮ ರಕ್ತ ಒಂದ್ಸಲ ತಪಾಸಣಿ ಮಾಡಿದ್ರ ನನ್ನ ಔಷಧ ಯಾವುದು ಅಂತ ಗೊತ್ತಾಗ್ತದ. ನಿಮಗ ರೊಕ್ಕ ಬೀಳಂಗಿಲ್ಲ." ಆ ಕಡೆಯಿಂದ ಬಂದ ಉತ್ತರ: "ಆಯ್ತು ಬಿಡವ್ವಾ, ನಾಳಿ ಮೊದಲನೇ ಬಸ್ಸಿಗಿ ಬರ್ತೀನಿ." ಕಾರಣವನ್ನು ನೇರವಾಗಿ ಹೇಳಿದರೆ ಬಹುತೇಕ ಜನ ಬರುತ್ತಾರೆ. ಎಚ್‌ಐವಿ ಪರೀಕ್ಷೆಗೆ ಮಾತ್ರ ಅವರ ಒಪ್ಪಿಗೆ ಪಡೆಯಲೇಬೇಕು. 2017ರ ಎಚ್‌ಐವಿ ಕಾಯ್ದೆ ಅದನ್ನು ಕಡ್ಡಾಯ ಮಾಡಿದೆ. ಅವರ ಫಲಿತಾಂಶ ನಿಮ್ಮ ಹಾಸ್ಟೆಲ್‌ನಲ್ಲಿ ಚರ್ಚೆಯಾಗುವ ವಿಷಯವೂ ಅಲ್ಲ.

"ಗಟ್ಟಿಮುಟ್ಟಾಗೇ ಇದ್ದರು" ಎಂದು ಬರೆದಿದ್ದೀರಿ. ಈ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ. ಹೆಪಟೈಟಿಸ್ ಬಿ ವೈರಸ್ಸನ್ನು ವರ್ಷಗಟ್ಟಲೆ ಹೊತ್ತವರಲ್ಲಿ ಹೆಚ್ಚಿನವರಿಗೆ ತಮ್ಮ ರಕ್ತದಲ್ಲಿ ಅದಿದೆ ಎಂಬುದೇ ತಿಳಿದಿರುವುದಿಲ್ಲ. ಅವರು ಹೊಲ ಉಳುತ್ತಾರೆ, ಜೋಳದ ಚೀಲ ಹೊರುತ್ತಾರೆ. ಕಣ್ಣು ಹಳದಿಯಾಗಿರುವುದಿಲ್ಲ.

ಈಗ ನಿಮ್ಮದೇ ಪ್ರಕರಣವನ್ನು ಆಸ್ಪತ್ರೆಯಲ್ಲಿ ಹೇಗೆ ಬಿಡಿಸುತ್ತಾರೆ ನೋಡೋಣ. ಮೊದಲು ನಿಮ್ಮ ರಕ್ತ ತೆಗೆಯುತ್ತಾರೆ: ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ. ನಿನ್ನೆ ಹೊಕ್ಕ ಸೋಂಕು ಇವತ್ತಿನ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಮುಂದೆ ಏನಾದರೂ ಕಂಡರೆ ಅದು ಮೊದಲೇ ಇದ್ದದ್ದೋ ಈ ಸೂಜಿಯಿಂದ ಬಂದದ್ದೋ ಎಂದು ಹೇಳಲು ಬೇಕಾದ ಆರಂಭದ ದಾಖಲೆ ಅದು. ಎಚ್‌ಐವಿ ಮಾತ್ರೆ ಬೇಕೋ ಬೇಡವೋ ಎಂಬುದನ್ನು ಗಾಯದ ಆಳ, ಸೂಜಿಯ ಬಗೆ, ಪೇಷಂಟ್‌ನ ಸ್ಥಿತಿ ನೋಡಿ ವೈದ್ಯರು ತೀರ್ಮಾನಿಸುತ್ತಾರೆ. ಪೇಷಂಟ್‌ನ ಫಲಿತಾಂಶ ಬರುವವರೆಗೆ ಮೊದಲ ಡೋಸ್ ಕೊಟ್ಟು, ನೆಗೆಟಿವ್ ಬಂದರೆ ನಿಲ್ಲಿಸುವುದೂ ಉಂಟು. ಮುಂದುವರಿಸಬೇಕಾದರೆ ದಿನಕ್ಕೊಂದು ಮಾತ್ರೆಯಂತೆ 28 ದಿನ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಒಂದರಲ್ಲೇ ಇರುತ್ತವೆ. ನಾಲ್ಕು ದಿನ ತಿಂದು ವಾಕರಿಕೆ ಎಂದು ಬಿಟ್ಟರೆ ಉಪಯೋಗವಿಲ್ಲ.

ಆದರೆ ನಿಮ್ಮ ವಿಷಯದಲ್ಲಿ ನನಗೆ ಹೆಚ್ಚು ಚಿಂತೆ ಇರುವುದು ಎಚ್‌ಐವಿ ಬಗ್ಗೆ ಅಲ್ಲ. ಎಲ್ಲರೂ ಹೆದರುವುದು ಅದಕ್ಕೇ, ಆದರೆ ಲೆಕ್ಕ ನೋಡಿ. ಎಚ್‌ಐವಿ ಇರುವವರ ರಕ್ತದ ಸೂಜಿ ಸಾವಿರ ಸಲ ಚುಚ್ಚಿದರೆ ಸುಮಾರು ಮೂರು ಸಲ ಸೋಂಕು ತಗಲುತ್ತದೆ. ಹೆಪಟೈಟಿಸ್ ಸಿ ನೂರಕ್ಕೆ ಎರಡು, ಅಥವಾ ಅದಕ್ಕೂ ಕಡಿಮೆ. ಹೆಪಟೈಟಿಸ್ ಬಿ ಇರುವವರ ಸೂಜಿ ಲಸಿಕೆ ಇಲ್ಲದವರಿಗೆ ಚುಚ್ಚಿದರೆ ನೂರಕ್ಕೆ ಆರರಿಂದ ಮೂವತ್ತು. ಇಷ್ಟು ಅಂತರಕ್ಕೆ ಕಾರಣ ರಕ್ತದಲ್ಲಿ ಈ ವೈರಸ್ ತುಂಬಿಕೊಳ್ಳುವ ರೀತಿ. ಸೋಂಕು ಜೋರಾಗಿರುವವರ ಒಂದು ಮಿಲಿಲೀಟರ್ ರಕ್ತದಲ್ಲಿ ಹತ್ತಾರು ಕೋಟಿ ಕಣಗಳಿರಬಹುದು. ಸೂಜಿಯ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಉಳಿದರೂ ಸಾಕು. ಮೇಲಾಗಿ ಇದು ಒಣಗಿದ ರಕ್ತದಲ್ಲೂ ಏಳು ದಿನ ಬದುಕುತ್ತದೆ. ಟ್ರೇ ಮೇಲೆ ಮರೆತ ಸ್ಕೇಲರ್ ತುದಿ, ಹ್ಯಾಂಡ್‌ಪೀಸಿನಲ್ಲಿ ಬಿಟ್ಟ ಬರ್ ಮುಂಗೈಗೆ ಗೀರಿದರೂ ಇದೇ ಭಯ.

ಈ ಮೂರರಲ್ಲಿ ಲಸಿಕೆ ಇರುವುದು ಹೆಪಟೈಟಿಸ್ ಬಿಗೆ ಮಾತ್ರ. ಅತಿ ಸುಲಭವಾಗಿ ತಗಲುವುದನ್ನೇ ಮುಂಚೆಯೇ ತಡೆಯಬಹುದು.

ನಿಮಗೆ ಎರಡು ಡೋಸ್ ಆಗಿದೆ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಓಡಾಡುತ್ತಿದೆ: "ಟೈಟರ್ ಮಾಡಿಸು, ಹತ್ತಕ್ಕಿಂತ ಹೆಚ್ಚಿದ್ದರೆ ಮೂರನೇದು ಬೇಡ" ಎಂದು. ಟೈಟರ್ ಎಂದರೆ ರಕ್ತದಲ್ಲಿ ಲಸಿಕೆಯಿಂದ ಹುಟ್ಟಿದ ಪ್ರತಿಕಾಯದ ಅಳತೆ. ಹತ್ತು ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಕ್ಷಣೆ ಇದೆ ಎಂದು ಓದುವುದು ಪೂರ್ತಿ ಮೂರು ಡೋಸ್ ಮುಗಿಸಿದವರಿಗೆ. ಎರಡು ಡೋಸಿನ ಮೇಲೆ ಬಂದ ಅಂಕಿ ತಾತ್ಕಾಲಿಕ, ಅದನ್ನು ನಂಬಿ ಕೂರುವಂತಿಲ್ಲ. ಹಾಗಾಗಿ ಅರ್ಧಕ್ಕೆ ಬಿಟ್ಟವರನ್ನು ಲಸಿಕೆಯೇ ಇಲ್ಲದವರ ಸಾಲಿನಲ್ಲಿ ನಿಲ್ಲಿಸಿ ಚಿಕಿತ್ಸೆ ಮಾಡುತ್ತಾರೆ.

ಅಂದರೆ ಹೀಗೆ: ಪೇಷಂಟ್‌ಗೆ ಹೆಪಟೈಟಿಸ್ ಬಿ ಇದೆಯೇ ಎಂದು ತೋರಿಸುವ ಎಚ್‌ಬಿಎಸ್‌ಎಜಿ ಪರೀಕ್ಷೆ ನೆಗೆಟಿವ್ ಬಂದರೆ ಮೂರನೇ ಡೋಸ್ ಇವತ್ತೇ ಹಾಕಿಸಿಕೊಳ್ಳಿ, ಹೆಪಟೈಟಿಸ್ ಬಿ ಮಟ್ಟಿಗೆ ಅಷ್ಟು ಸಾಕು. ಮೊದಲಿನಿಂದ ಶುರು ಮಾಡಬೇಕಿಲ್ಲ, ಎಷ್ಟು ತಿಂಗಳು ತಡವಾಗಿದ್ದರೂ ಬಿಟ್ಟಲ್ಲಿಂದ ಮುಂದುವರಿಸಬಹುದು. ಪಾಸಿಟಿವ್ ಬಂದರೆ, ಅಥವಾ ಪೇಷಂಟ್ ಸಿಗದೇ ಹೋದರೆ, ಮೂರನೇ ಡೋಸಿನ ಜೊತೆಗೆ ಇಮ್ಯುನೋಗ್ಲೋಬ್ಯುಲಿನ್ ಒಂದು ಸಲ. ಅದರ ಪ್ರಮಾಣ ಕಿಲೋ ತೂಕಕ್ಕೆ 0.06 ಮಿಲಿಲೀಟರ್. ನೀವು 50 ಕೆಜಿ ಇದ್ದರೆ 3 ಮಿಲಿಲೀಟರ್. ಬಾಟಲಿಯ ಮೇಲಿನ ಯೂನಿಟ್ ಲೆಕ್ಕ ಕಂಪನಿಯಿಂದ ಕಂಪನಿಗೆ ಬೇರೆಯಾಗುವುದರಿಂದ ಕೊನೆಯ ಲೆಕ್ಕ ವೈದ್ಯರು ಹಾಕಲಿ. ಲಸಿಕೆ ಒಂದು ತೋಳಿಗಾದರೆ ಇದು ಬೇರೆ ಜಾಗಕ್ಕೆ. ಲಸಿಕೆಯನ್ನು ತೋಳಿನ ಸ್ನಾಯುವಿಗೇ ಹಾಕಿಸಿ, ಪೃಷ್ಠಕ್ಕೆ ಹಾಕಿದರೆ ಸರಿಯಾಗಿ ಹಿಡಿಯುವುದಿಲ್ಲ.

ಎರಡರ ಕೆಲಸ ಬೇರೆ ಬೇರೆ. ಇಮ್ಯುನೋಗ್ಲೋಬ್ಯುಲಿನ್ ಎಂದರೆ ಬೇರೆಯವರ ದೇಹದಲ್ಲಿ ತಯಾರಾದ ಪ್ರತಿಕಾಯವನ್ನು ನಿಮಗೆ ಕಡ ಕೊಟ್ಟಂತೆ. ಬಿದ್ದ ಕೂಡಲೇ ಕೆಲಸ ಶುರು, ಕೆಲವು ತಿಂಗಳಲ್ಲಿ ಕರಗಿಹೋಗುತ್ತದೆ. ಲಸಿಕೆ ನಿಮ್ಮ ದೇಹಕ್ಕೆ ತಾನೇ ತಯಾರಿಸಿಕೊಳ್ಳಲು ಕಲಿಸುತ್ತದೆ, ಅದಕ್ಕೆ ಸಮಯ ಬೇಕು. ಕಡ ತಂದ ಪ್ರತಿಕಾಯವೂ ಟೈಟರ್ ಪರೀಕ್ಷೆಯಲ್ಲಿ ನಿಮ್ಮದೇ ಎಂಬಂತೆ ಕಾಣುವುದರಿಂದ, ಅದನ್ನು ತೆಗೆದುಕೊಂಡವರು ಆರು ತಿಂಗಳು ಕಳೆಯುವ ಮುಂಚೆ ಟೈಟರ್ ಮಾಡಿಸಿ ಸಂತೋಷಪಡಬಾರದು. ಬರೀ ಲಸಿಕೆ ತೆಗೆದುಕೊಂಡವರು ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಮಾಡಿಸಬಹುದು.

ಇಮ್ಯುನೋಗ್ಲೋಬ್ಯುಲಿನ್ ದುಬಾರಿ, ಹೊರಗೆ ಕೊಂಡರೆ ಸಾವಿರಗಟ್ಟಲೆ ರೂಪಾಯಿ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಆರೋಗ್ಯ ಸಿಬ್ಬಂದಿಗಾಗಿ ಇದಕ್ಕೂ ಲಸಿಕೆಗೂ ಅವಕಾಶವಿದೆ. ಆ ಹೆಸರು ಹೇಳಿಯೇ ಕೇಳಿ. ಒಂದು ಕಿಟಕಿಯಲ್ಲಿ ಇಲ್ಲ ಎಂದರೆ ಕಾರ್ಯಕ್ರಮದ ಜವಾಬ್ದಾರಿ ಹೊತ್ತ ವೈದ್ಯರು ಯಾರು ಎಂದು ವಿಚಾರಿಸಿ.

ಇಷ್ಟರ ನಡುವೆ ನಿಮ್ಮ ಅಮ್ಮನಿಗೂ ಒಂದು ಫೋನ್ ಮಾಡಿ. ಮನೆಯ ಟ್ರಂಕಿನಲ್ಲಿ ನಿಮ್ಮ ಬಾಲ್ಯದ ಲಸಿಕೆ ಕಾರ್ಡ್ ಇದೆಯೇ ಎಂದು ನೋಡಲು ಹೇಳಿ. ಹೆಪಟೈಟಿಸ್ ಬಿ ಲಸಿಕೆ ಸರ್ಕಾರದ ಕಾರ್ಯಕ್ರಮದಲ್ಲಿ ದೇಶದಾದ್ಯಂತ ಸೇರಿದ್ದು 2011ರಲ್ಲಿ. ನಿಮ್ಮ ವಯಸ್ಸಿನವರಿಗೆ ಸಿಕ್ಕಿರಬಹುದು, ಸಿಗದೆಯೂ ಇರಬಹುದು. ಕೆಲವರ ಮನೆಯವರು ಖಾಸಗಿಯಾಗಿ ಹಾಕಿಸಿರುತ್ತಾರೆ. ಮೂರೂ ಡೋಸ್ ಬರಹದಲ್ಲಿ ಸಿಕ್ಕಿತೋ, ಲೆಕ್ಕವೇ ಬದಲಾಗುತ್ತದೆ. ಆಗ ನೀವು ಪೂರ್ತಿ ಲಸಿಕೆ ಆದವರು, ಈಗಿನ ಟೈಟರ್ ಹತ್ತು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಇಮ್ಯುನೋಗ್ಲೋಬ್ಯುಲಿನ್ ಬೇಕಾಗುವುದಿಲ್ಲ. ಆದ್ದರಿಂದ ಆ ಇಂಜೆಕ್ಷನ್ ಕೊಡುವ ಮುಂಚೆಯೇ ಟೈಟರ್‌ಗೂ ರಕ್ತ ತೆಗೆದಿಡಲು ಹೇಳಿ. "ಹಾಕಿಸಿದ್ದ ನೆನಪು" ಎಂಬುದು ಲೆಕ್ಕಕ್ಕಿಲ್ಲ, ಕಾರ್ಡ್ ಬೇಕು.

ಬಿಟ್ಟುಬಿಟ್ಟರೆ ಏನಾಗುತ್ತದೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನಾವು ಇಂಟರ್ನ್ ಆಗಿದ್ದಾಗ ಯಾದಗಿರಿ ಕಡೆಯ ಹಳ್ಳಿಯೊಂದರಲ್ಲಿ ದಂತ ಶಿಬಿರ. ಶಾಲೆಯ ವರಾಂಡದಲ್ಲಿ ಮೂರು ಕುರ್ಚಿ, ಮುಂದೆ ಉದ್ದನೆಯ ಸಾಲು. ನನ್ನ ಸಹಪಾಠಿಗೆ ಹೆಬ್ಬೆರಳಿಗೆ ಸೂಜಿ ಚುಚ್ಚಿತು. ಗ್ಲೌಸ್ ಬದಲಾಯಿಸಿ ಮುಂದಿನವರನ್ನು ಕರೆದ. ಅವನಿಗೆ ಒಂದು ಡೋಸೂ ಆಗಿರಲಿಲ್ಲ. ಮೂರು ತಿಂಗಳಾಗಿರಬೇಕು, ಒಂದು ಬೆಳಿಗ್ಗೆ ಚಹಾದ ವಾಸನೆಗೇ ವಾಕರಿಕೆ ಬಂತು. ಊಟ ಸೇರಲಿಲ್ಲ, ಮೆಟ್ಟಿಲು ಹತ್ತಿದರೆ ಕಾಲು ಸೋಲುತ್ತಿತ್ತು. ಮೂತ್ರ ಗಾಣದ ಎಣ್ಣೆಯ ಬಣ್ಣಕ್ಕೆ ತಿರುಗಿದ ಮೇಲೆ ನಾವೇ ಅವನ ಕಣ್ಣು ಅಗಲಿಸಿ ನೋಡಿದೆವು, ಹಳದಿ. ಊರಿಗೆ ಹೋದ, ಮನೆಯವರು ಕಾಮಾಲೆ ಔಷಧ ಹಾಕಿಸಿದರು, ಅದರಲ್ಲಿ ಎರಡು ವಾರ ಹೋಯಿತು. ರಕ್ತ ಪರೀಕ್ಷೆ ಮಾಡಿದಾಗ ಹೆಪಟೈಟಿಸ್ ಬಿ. ಅವನು ವಾಸಿಯಾದ. ಆರೋಗ್ಯವಂತ ವಯಸ್ಕರಲ್ಲಿ ನೂರಕ್ಕೆ ತೊಂಬತ್ತೈದು ಮಂದಿಯ ದೇಹ ಈ ವೈರಸ್ಸನ್ನು ತಾನೇ ಹೊರಹಾಕುತ್ತದೆ. ಆದರೆ ಆರು ತಿಂಗಳ ಪರೀಕ್ಷೆ ಬರುವವರೆಗೆ ತಾನು ತೊಂಬತ್ತೈದರಲ್ಲೋ ಉಳಿದ ಐದರಲ್ಲೋ ಎಂಬುದು ಅವನಿಗೆ ಗೊತ್ತಿರಲಿಲ್ಲ. ಆ ಐದರಲ್ಲಿ ಬಿದ್ದವರಿಗೆ ಸೋಂಕು ಉಳಿದುಹೋಗುತ್ತದೆ, ಕೆಲವರಿಗೆ ವರ್ಷಗಳ ನಂತರ ಯಕೃತ್ತು ಗಟ್ಟಿಯಾಗುವುದು, ಕ್ಯಾನ್ಸರ್ ಆಗುವುದು. ಚುಚ್ಚಿದ ದಿನದಿಂದ ಲಕ್ಷಣ ಕಾಣುವವರೆಗೆ ಎರಡು ಮೂರು ತಿಂಗಳು ಕಳೆಯುವುದರಿಂದ ಜನ ಎರಡನ್ನೂ ಜೋಡಿಸುವುದೇ ಇಲ್ಲ. ಕಣ್ಣು ಹಳದಿಯಾಗದೆಯೂ ಸೋಂಕು ಬಂದು ಕೂರಬಹುದು.

ಇನ್ನು ಕ್ಯಾಪ್ ವಿಷಯ. "ಸೂಜಿಗೆ ಮತ್ತೆ ಕ್ಯಾಪ್ ಹಾಕಬೇಡಿ" ಎಂದು ಗೋಡೆಯ ಮೇಲೆ ಬರೆದಿರುತ್ತದೆ. ವಾರ್ಡಿನ ನರ್ಸ್‌ಗೆ ಅದು ಸರಿ, ಅವರ ಸೂಜಿ ಒಂದೇ ಸಲಕ್ಕೆ ಮುಗಿಯುತ್ತದೆ. ನಮ್ಮಲ್ಲಿ ಹಾಗಲ್ಲ. ಕೆಳದವಡೆಗೆ ಬ್ಲಾಕ್ ಕೊಟ್ಟು ಹತ್ತು ನಿಮಿಷ ಕಾದರೂ ತುಟಿ ಜೋಮು ಹಿಡಿಯದಿದ್ದರೆ ಅದೇ ಪೇಷಂಟ್‌ಗೆ ಅದೇ ಸಿರಿಂಜಿನಿಂದ ಇನ್ನೊಮ್ಮೆ ಕೊಡಬೇಕು. ಅಲ್ಲಿಯವರೆಗೆ ಬರಿಯ ಸೂಜಿ ಟ್ರೇ ಮೇಲೆ ಫೋರ್ಸೆಪ್ಸ್, ಮಿರರ್ ನಡುವೆ ಬಿದ್ದಿರುವುದು ಇನ್ನೂ ಅಪಾಯ. ಹಾಗಾಗಿ ನಮಗೆ ಕ್ಯಾಪ್ ಬೇಕು, ಎರಡು ಕೈ ಬೇಡ.

ಕ್ಯಾಪನ್ನು ಟ್ರೇ ಮೇಲೆ ಅಡ್ಡ ಮಲಗಿಸಿ, ಬಾಯಿ ನಿಮ್ಮ ಕಡೆ ಇರಲಿ, ಹಿಂಬದಿ ಟ್ರೇ ಅಂಚಿಗೆ ತಾಗಿರಲಿ. ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳಿ. ನಾನು ನನ್ನ ವಿದ್ಯಾರ್ಥಿಗಳಿಗೆ ಅಕ್ಷರಶಃ ಹಾಗೇ ನಿಲ್ಲಿಸುತ್ತೇನೆ, ಯಾಕೆಂದರೆ ಎಡಗೈ ಎದುರಿಗಿದ್ದರೆ ಅದು ಸಹಾಯಕ್ಕೆ ತಾನಾಗಿ ಮುಂದೆ ಬರುತ್ತದೆ. ಬಲಗೈಯ ಸಿರಿಂಜಿನಿಂದ ಸೂಜಿಯನ್ನು ಕ್ಯಾಪಿನೊಳಗೆ ಜಾರಿಸಿ, ಮೊಗೆದ ಹಾಗೆ ಮೇಲೆತ್ತಿ. ಸೂಜಿ ಪೂರ್ತಿ ಒಳಗೆ ಹೋದ ಮೇಲೆ ಕ್ಯಾಪಿನ ತುದಿಯನ್ನು ಟ್ರೇಗೆ ಒತ್ತಿ ಬಿಗಿ ಮಾಡಿ. ಮೊದಲ ದಿನ ಐದಾರು ಸಲ ತಪ್ಪುತ್ತದೆ, ಹೊಸ ಸಿರಿಂಜು ಹಿಡಿದು ಹಾಸ್ಟೆಲ್ ಮೇಜಿನ ಮೇಲೆ ಐವತ್ತು ಸಲ ಮಾಡಿದರೆ ಕೈಗೆ ಕೂರುತ್ತದೆ.

ಚುಚ್ಚುವುದು ಕ್ಯಾಪ್ ಹಾಕುವಾಗ ಮಾತ್ರ ಅಲ್ಲ. ಬ್ಲಾಕ್ ಕೊಡುವಾಗ ಕೆನ್ನೆ ಸರಿಸಲು ಎಡಗೈ ಹೆಬ್ಬೆರಳನ್ನು ಬಾಯಿಯೊಳಗೆ ಇಡುತ್ತೀರಲ್ಲ, ಪೇಷಂಟ್ ನೋವಿಗೆ ತಟ್ಟನೆ ತಲೆ ಕೊಡವಿದರೆ ಹೊರಬರುವ ಸೂಜಿ ಆ ಬೆರಳಿಗೇ. ಜಾಗ ಗುರುತಿಸಿದ ಮೇಲೆ ಬೆರಳು ತೆಗೆದು ಮಿರರ್‌ನಿಂದ ಕೆನ್ನೆ ಹಿಡಿಯಿರಿ. ಕೆಲಸ ಮುಗಿದ ಕೂಡಲೇ ಸೂಜಿಯನ್ನು ನೀವೇ, ಕುರ್ಚಿಯ ಪಕ್ಕದಲ್ಲೇ, ಕಟರ್‌ಗೆ ಹಾಕಿ ಬಿಳಿ ಗಟ್ಟಿ ಡಬ್ಬಿಗೆ ಬಿಡಿ. ನೀವು ಮರೆತ ಸೂಜಿ ಚುಚ್ಚುವುದು ಟ್ರೇ ತೊಳೆಯುವ ಆಯಾ ಕೈಗೆ. ಅವರಿಗೂ ಲಸಿಕೆ ಆಗಿದೆಯೇ ಎಂದು ನಿಮ್ಮ ಕಾಲೇಜಿನಲ್ಲಿ ಕೇಳಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ತ್ಯಾಜ್ಯ ಮುಟ್ಟುವ ಎಲ್ಲರಿಗೂ ಹೆಪಟೈಟಿಸ್ ಬಿ, ಟೆಟನಸ್ ಲಸಿಕೆ ಹಾಕಿಸುವುದು ಸಂಸ್ಥೆಯ ಹೊಣೆ.

ನಿಮ್ಮ ಜೂನಿಯರ್‌ಗಳಿಗೆ ಒಂದು ಸಣ್ಣ ಲೆಕ್ಕ ಹೇಳಿ. ಲಸಿಕೆ ಇವತ್ತು ಒಂದು, ಒಂದು ತಿಂಗಳಿಗೆ ಇನ್ನೊಂದು, ಆರನೇ ತಿಂಗಳಿಗೆ ಮೂರನೆಯದು. ಟೈಟರ್‌ಗೆ ಮತ್ತೆ ಒಂದೆರಡು ತಿಂಗಳು. ಒಟ್ಟು ಏಳೆಂಟು ತಿಂಗಳು. ಮೂರೂ ಡೋಸ್ ಆದ ಆರೋಗ್ಯವಂತ ಯುವಕರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ರಕ್ಷಣೆ ಬರುತ್ತದೆ, ಉಳಿದವರಿಗೆ ಇನ್ನೊಂದು ಸುತ್ತು ಮೂರು ಡೋಸ್ ಹಾಕಿ ನೋಡಬೇಕು, ಅದಕ್ಕೆ ಮತ್ತೆ ಅಷ್ಟೇ ಕಾಲ. ಪೇಷಂಟ್ ಮುಟ್ಟುವುದು ಮೂರನೇ ವರ್ಷ. ಮೊದಲ ವರ್ಷದಲ್ಲೇ ಮೊದಲ ಡೋಸ್ ಬಿದ್ದರೆ ಮಾತ್ರ ಇಷ್ಟೆಲ್ಲಕ್ಕೂ ಜಾಗ ಉಳಿಯುತ್ತದೆ. ಕ್ಲಿನಿಕ್ಕಿಗೆ ಬಂದ ವಾರ ಸಾಲಾಗಿ ನಿಲ್ಲಿಸಿ ಮೊದಲ ಡೋಸ್ ಹಾಕಿಸುವ ಪದ್ಧತಿಯನ್ನು ನಾನು ಕಂಡಿದ್ದೇನೆ. ಆ ಮಕ್ಕಳು ಅತಿ ಹೆಚ್ಚು ತಡಬಡಾಯಿಸುವ ಆರು ತಿಂಗಳನ್ನು ಅರೆ ರಕ್ಷಣೆಯಲ್ಲೇ ಕಳೆಯುತ್ತಾರೆ.

ಈಗ ನಿಮ್ಮ ತಾರೀಖುಗಳು. ಆರು ವಾರಕ್ಕೆ, ಮೂರು ತಿಂಗಳಿಗೆ, ಆರು ತಿಂಗಳಿಗೆ ರಕ್ತ ಪರೀಕ್ಷೆ. ಅಲ್ಲಿಯವರೆಗೆ ರಕ್ತದಾನ ಬೇಡ. ಎಂದಿನಂತೆ ಕಾಲೇಜಿಗೆ ಹೋಗಬಹುದು, ಮನೆಯವರ ಜೊತೆ ಒಂದೇ ತಟ್ಟೆಯಲ್ಲಿ ಊಟ ಮಾಡಬಹುದು, ಅದರಿಂದ ಯಾರಿಗೂ ಏನೂ ತಗಲುವುದಿಲ್ಲ. ಮಧ್ಯೆ ಊಟ ಸೇರದೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ತಾರೀಖು ಕಾಯದೆ ಹೋಗಿ. ಇಮ್ಯುನೋಗ್ಲೋಬ್ಯುಲಿನ್ ತೆಗೆದುಕೊಂಡಿದ್ದರೆ ಆರು ತಿಂಗಳು ತುಂಬಿದ ಮೇಲಿನ ಪರೀಕ್ಷೆಯ ದಿನವೇ ಟೈಟರ್‌ಗೂ ರಕ್ತ ಕೊಡಿ. ಹತ್ತು ದಾಟಿದ್ದರೆ ಆ ರಿಪೋರ್ಟನ್ನು ಲಸಿಕೆ ಕಾರ್ಡಿಗೆ ಪಿನ್ ಮಾಡಿ, ಫೋನಿನಲ್ಲೂ ಒಂದು ಫೋಟೋ ಇಟ್ಟುಕೊಳ್ಳಿ. ಮುಂದೆ ಎಂದಾದರೂ ಸೂಜಿ ಚುಚ್ಚಿದರೆ ಕ್ಯಾಶುವಾಲ್ಟಿಯಲ್ಲಿ ಹೆಪಟೈಟಿಸ್ ಬಿ ಬಗ್ಗೆ ನಿಮ್ಮನ್ನು ಕೇಳುವುದು ಆ ಒಂದು ಅಂಕಿಯನ್ನೇ.